ಅಡಿಕೆ ಸಲಾಕೆ ಹಿಡ್ಕೊಂಡು ಕಾರು ಹುಡುಕಿದ ಕತೆ

ಹಾಂ, ಹೊಸ ಕಾರು ತಗೊಳ್ಳುವ ಮೊದಲು ಅದು ಇಲ್ಲಿ ಹಿಡಿಸ್ತದಾ ಅಂತ ನೋಡುವ ವಿಡಿಯೋ ಇದು. ಇದು ಚಿಕ್ಕಮ್ಮನ ಮನೆ ಓಣಿ, ಕಾಸರಗೋಡು ಪೇಟೆ ಒಳಗೆ. ಅಲ್ಲಿ ಹೊರಗೆ ಹೆದ್ದಾರಿ 66 ಆರು ಲೇನು, ಇಲ್ಲಿ ಕರೆಂಟು ಕಂಬದ ಹತ್ತಿರ ಅಳೆದರೆ 2.25 ಮೀಟರ್. ಎರಡೂ ಒಂದೇ ಊರು ನೋಡಿ.

ಈ ಕೆಂಪು ಕಲ್ಲಿನ ಗೋಡೆ ಮೇಲೆ ಕಪ್ಪು ಗೀರು ಕಾಣ್ತಿದೆಯಲ್ವಾ, ಅದು ನನ್ನದೇ. ಹೋದ ತಿಂಗಳು ಅಣ್ಣನ ಎಸ್‌ಯುವಿ ತಂದಿದ್ದೆ. ಪುಸ್ತಕದಲ್ಲಿ ಅಗಲ 1790 ಮಿಲಿಮೀಟರ್, ಅಂದ್ರೆ ಇನ್ನೂ 46 ಸೆಂಟಿಮೀಟರ್ ಜಾಗ ಉಂಟು ಅಂತ ಧೈರ್ಯದಲ್ಲಿ ನುಗ್ಗಿದೆ. ಆ ಲೆಕ್ಕದಲ್ಲಿ ಬದಿಯ ಕನ್ನಡಿ ಸೇರಿರುವುದಿಲ್ಲ ಮಾರಾಯ್ರೆ! ಆಮೇಲೆ ಟೇಪ್ ಹಿಡಿದರೆ ಕನ್ನಡಿಯಿಂದ ಕನ್ನಡಿಗೆ ಎರಡು ಮೀಟರ್ ದಾಟಿತು. ಕನ್ನಡಿ ಮಡಚಿದರೆ ಹೋಗ್ತದೆ, ಆದ್ರೆ ಹಿಂದಿನ ಚಕ್ರ ಎಲ್ಲಿದೆ ಅಂತ ನೋಡುವುದು ಹೇಗೆ? ಹೊಸ ಕನ್ನಡಿಗೆ ಆರೂವರೆ ಸಾವಿರ. ಗಾಜು ಸರಿಯಾಗಿಯೇ ಇತ್ತು, ಒಡೆದದ್ದು ಒಳಗಿನ ಒಂದು ಪ್ಲಾಸ್ಟಿಕ್ ಕೊಂಡಿ. ಅದೊಂದನ್ನೇ ಕೊಡಿ ಅಂದರೆ ಕೊಡುವುದಿಲ್ಲ, ಪೂರ್ತಿ ಸೆಟ್ಟೇ ತಗೊಳ್ಳಬೇಕಂತೆ. ಆರೂವರೆ ಸಾವಿರ! ಅಣ್ಣ ಏನೂ ಹೇಳಲಿಲ್ಲ, ಅತ್ತಿಗೆ ಹೇಳಿದರು.

ಸರಿ, ತಿರುವು. ಸೇಲ್ಸ್ ಹುಡುಗ ‘ಟರ್ನಿಂಗ್ 5.3’ ಅಂದಿದ್ದ. ಅದು ವೃತ್ತದ ವ್ಯಾಸ ಅಲ್ಲ, ತ್ರಿಜ್ಯ. ಪೂರ್ತಿ ತಿರುಗಲು 10.6 ಮೀಟರ್ ಬೇಕು. ಅದೂ ಸಾಮಾನ್ಯವಾಗಿ ಹೊರಗಿನ ಚಕ್ರದ ಗೆರೆಗೆ. ಬಂಪರಿನ ಮೂಲೆ ಅದಕ್ಕಿಂತ ಆಚೆ ಬೀಸ್ತದೆ. ರಸ್ತೆ ಬದಿ ಬರೀ ಕಟ್ಟೆ ಇದ್ದರೆ ಬಂಪರ್ ಅದರ ಮೇಲಿಂದ ಹಾದು ಹೋಗ್ತದೆ, ಇಲ್ಲಿರುವುದು ಗೋಡೆ. ಒಳಬದಿಯಲ್ಲಿ ಬೇರೆ ತಲೆನೋವು, ಹಿಂದಿನ ಚಕ್ರ ಮುಂದಿನದರ ದಾರಿಯಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸ್ತದೆ. ಬೇಗ ತಿರುಗಿಸಿದರೆ ಹಿಂದಿನ ಬಾಗಿಲು ಗೋಡೆಗೆ.

ಅದಕ್ಕೆ ಈ ಅಡಿಕೆ ಸಲಾಕೆ. ಗೆಳೆಯನ ವ್ಯಾಗನ್‌ಆರ್‌ಗೆ ಕನ್ನಡಿಯಿಂದ ಕನ್ನಡಿಗೆ ಅಳೆದು ಅಷ್ಟೇ ಉದ್ದಕ್ಕೆ ಕತ್ತರಿಸಿದ್ದು. ಅಡ್ಡ ಹಿಡಿದು ಓಣಿ ಪೂರ್ತಿ ನಡೆದೆ. ಚಿಕ್ಕಮ್ಮ ಬಾಗಿಲಿಂದಲೇ, ‘ಎಂತ ಮಾಡ್ತೀಯಾ, ಚಪ್ಪರ ಹಾಕ್ತೀಯಾ?’ ಅಂತ. ಕಂಬದ ಹತ್ತಿರವೂ ತಾಗಲಿಲ್ಲ.

ಈಗ ನುಳ್ಳಿಪ್ಪಾಡಿಯ ನಮ್ಮ ಫ್ಲ್ಯಾಟಿನ ಪಾರ್ಕಿಂಗ್. ಕಂಬದಿಂದ ಕಂಬಕ್ಕೆ 2.35 ಮೀಟರ್. ಎಡಕ್ಕೆ ಹತ್ತು ಸೆಂಟಿಮೀಟರ್ ಬಿಟ್ಟು ಒತ್ತಿ ನಿಲ್ಲಿಸಿದರೆ ಅಣ್ಣನ ಗಾಡಿಯಲ್ಲಿ ನನ್ನ ಬಾಗಿಲಿಗೆ 46 ಸೆಂಟಿಮೀಟರ್. ಹೊಟ್ಟೆ ಒಳಗೆಳೆದುಕೊಂಡು ಇಳಿಯಬೇಕು. ವ್ಯಾಗನ್‌ಆರ್ ಅಗಲ 1620 ಮಿಲಿಮೀಟರ್, ಹಾಗಾಗಿ 63 ಸಿಗ್ತದೆ. ಪಕ್ಕ ಕೂತವರು ಮೊದಲೇ ಇಳಿಯಲಿ, ಅದಕ್ಕೆ ಬೇರೆ ದಾರಿ ಇಲ್ಲ. ಮತ್ತೆ ರಿವರ್ಸಲ್ಲೇ ಹಾಕಬೇಕು. ಹಿಂಭಾಗ ಕಂಬಗಳ ನಡುವೆ ಹೊಕ್ಕ ಮೇಲೆ ಮೂತಿ ತಿರುಗಿಸಿ ನೇರ ಮಾಡಬಹುದು. ವ್ಯಾಗನ್‌ಆರ್‌ನ ತ್ರಿಜ್ಯ 4.7 ಮೀಟರ್, ಎದುರಿನ ಗೋಡೆಗೆ ತಾಗದೆ ಒಂದೇ ಸಲ ಹೋಯ್ತು, ನೋಡಿದ್ರಲ್ಲಾ.

ನೋಡಲಿಕ್ಕೆ ಡಬ್ಬ, ಹೌದು. ಎಸ್‌ಯುವಿಯೇ ಬೇಕು ಅಂತ ಹೋದ ವಿಡಿಯೋದಲ್ಲಿ ನಾನೇ ಹೇಳಿದ್ದೆ, ಅದನ್ನು ಬಿಡಿ. ಬುಕ್ ಮಾಡಿ ಆಯ್ತು. ಅಯ್ಯೋ, ಬ್ಯಾಟರಿ ಕೆಂಪಾಯ್ತು. ಸಲಾಕೆ ಎಲ್ಲಿ ಅಂತ ಕೇಳಬೇಡಿ, ಚಿಕ್ಕಮ್ಮ ಅಲಸಂಡೆ ಬಳ್ಳಿಗೆ ಊರಿಬಿಟ್ಟಿದ್ದಾರೆ.