ಕನ್ನಡದಲ್ಲಿಲ್ಲದ ‘ಎ’ ಮತ್ತು ‘ದ’: ಅನುವಾದದಲ್ಲಿ ಅವುಗಳ ಜಾಗ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ನಮ್ಮಂಥವರು ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂಬಂತೆ ಕನ್ನಡ, ತುಳು, ಮಲಯಾಳಂಗಳ ನಡುವೆ ಓಡಾಡಿಕೊಂಡೇ ಬೆಳೆದವರು. ಆದರೆ ಈ ಮೂರರಲ್ಲಿ ಯಾವುದರಲ್ಲೂ ಇಂಗ್ಲಿಷಿನ ‘ಎ’ ಮತ್ತು ‘ದ’ಗಳಂತಹ ಆರ್ಟಿಕಲ್‌ಗಳಿಲ್ಲ. ಆದ್ದರಿಂದ ಕನ್ನಡದ ಬರಹವನ್ನು ಇಂಗ್ಲಿಷಿಗೆ ತರಲು ಕುಳಿತವರಿಗೆ ಪ್ರತಿಯೊಂದು ನಾಮಪದದ ಎದುರಿಗೂ ಒಂದು ತೀರ್ಮಾನ ಕಾದಿರುತ್ತದೆ, ಮತ್ತು ಆ ತೀರ್ಮಾನಕ್ಕೆ ನೆರವಾಗುವ ಪದ ಮೂಲದಲ್ಲಿ ಹೆಚ್ಚಿನ ಸಲ ಇರುವುದಿಲ್ಲ. ಪದ ಇಲ್ಲವೆಂದ ಮಾತ್ರಕ್ಕೆ ಸುಳಿವೂ ಇಲ್ಲವೆಂದು ಅರ್ಥವಲ್ಲ. ಆ ಸುಳಿವುಗಳು ಎಲ್ಲಿರುತ್ತವೆ, ಎಲ್ಲಿಯವರೆಗೆ ಅವನ್ನು ನಂಬಬಹುದು ಎಂಬುದನ್ನು ಒಂದು ಸಣ್ಣ ಬರಹದ ಮೂಲಕ ನೋಡೋಣ.

ಬಾಯಾರು, ಪೆರ್ಲದ ಕಡೆಯ ಕೃಷಿಕರೊಬ್ಬರು ಹೀಗೆ ಬರೆದಿದ್ದಾರೆಂದು ಭಾವಿಸಿ: “ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಸುರಂಗ ಇದೆ. ಅಜ್ಜ ತೋಡಿಸಿದ್ದು. ನೀರು ಕೆರೆಗೆ ಬೀಳುತ್ತದೆ. ಮಳೆಗಾಲದಲ್ಲಿ ಅಡಿಕೆ ಸಸಿ ನೆಟ್ಟೆವು. ಮೊನ್ನೆ ಸುರಂಗದಲ್ಲಿ ಹಾವು ಕಾಣಿಸಿತು. ತಮ್ಮ ಬ್ಯಾಟರಿ ತಂದ. ಹಾವು ಕಲ್ಲಿನ ಸಂದಿಗೆ ನುಗ್ಗಿತು. ಬೇಸಗೆಯಲ್ಲಿ ಸುರಂಗ ಬತ್ತುವುದಿಲ್ಲ.” ಓದುವಾಗ ನಮಗೆ ಎಲ್ಲಿಯೂ ತಡೆಯಾಗುವುದಿಲ್ಲ. ಇಂಗ್ಲಿಷಿಗೆ ತರಲು ಹೊರಟಾಗ ಮಾತ್ರ ಪ್ರತಿ ವಾಕ್ಯವೂ ‘ಯಾವುದು?’ ಎಂದು ಕೇಳತೊಡಗುತ್ತದೆ.

ಮೊದಲ ವಾಕ್ಯದಲ್ಲಿ ಸುಳಿವು ಇರುವುದು ಪದಗಳ ಕ್ರಮದಲ್ಲಿ. “ಗುಡ್ಡದಲ್ಲಿ ಸುರಂಗ ಇದೆ” ಎಂದಾಗ ಜಾಗ ಮೊದಲು ಬಂದು, ಸುರಂಗವು ಕ್ರಿಯಾಪದದ ಹತ್ತಿರ ನಿಂತಿದೆ. ಹೊಸದಾಗಿ ಪರಿಚಯವಾಗುವ ವಸ್ತುವನ್ನು ಕನ್ನಡ ಸಾಮಾನ್ಯವಾಗಿ ನಿಲ್ಲಿಸುವುದು ಅಲ್ಲಿಯೇ. ಅದನ್ನೇ “ಸುರಂಗ ಗುಡ್ಡದಲ್ಲಿ ಇದೆ” ಎಂದು ತಿರುಗಿಸಿದರೆ, ಯಾವ ಸುರಂಗದ ಮಾತೆಂದು ಕೇಳುಗರಿಗೆ ಮೊದಲೇ ಗೊತ್ತಿದೆ, ಅದು ಎಲ್ಲಿದೆ ಎಂಬುದಷ್ಟೇ ಹೊಸ ಸಂಗತಿ ಎಂದಾಗುತ್ತದೆ. ಹಾಗಾಗಿ ಮೊದಲನೆಯದು ‘ದೇರ್ ಈಸ್ ಎ ಸುರಂಗ’, ಎರಡನೆಯದು ‘ದ ಸುರಂಗ ಈಸ್’. ಗುಡ್ಡಕ್ಕೆ ಮಾತ್ರ ಮೊದಲ ಸಲವೇ ‘ದ’ ಸಲ್ಲುತ್ತದೆ, ಏಕೆಂದರೆ “ನಮ್ಮ ತೋಟದ ಮೇಲಿನ” ಎಂಬ ಮಾತು ಯಾವ ಗುಡ್ಡವೆಂದು ತೋರಿಸಿಕೊಟ್ಟಾಗಿದೆ.

ಇಲ್ಲಿ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಮೂಲ ವಾಕ್ಯದ ನಾಮಪದದ ಹಿಂದೆ ‘ಒಂದು’ ಅಥವಾ ‘ಒಬ್ಬ’ ಸೇರಿಸಿ ನೋಡಿ. ಅರ್ಥ ಕದಲದಿದ್ದರೆ ‘ಎ’ ಕಡೆಗೆ ವಾಲಬಹುದು. ‘ಆ’ ಸೇರಿಸಿದಾಗ ಅರ್ಥ ಕದಲದಿದ್ದರೆ ‘ದ’ ಕಡೆಗೆ. “ಗುಡ್ಡದಲ್ಲಿ ಒಂದು ಸುರಂಗ ಇದೆ” ಸಹಜವಾಗಿದೆ; “ಗುಡ್ಡದಲ್ಲಿ ಆ ಸುರಂಗ ಇದೆ” ಎಂದರೆ ಕೇಳುವವರು ಯಾವುದು ಎನ್ನುತ್ತಾರೆ. ಸೂರ್ಯ, ಚಂದ್ರರಂತಹ ಒಂದೇ ಒಂದಿರುವ ವಸ್ತುಗಳಲ್ಲಿ ಈ ಪರೀಕ್ಷೆ ಕೆಲಸಕ್ಕೆ ಬಾರದು, ಅವಕ್ಕೆ ‘ಆ’ ಹೊಂದದಿದ್ದರೂ ಇಂಗ್ಲಿಷಿನಲ್ಲಿ ‘ದ’ ಬೇಕು. ಮನಸ್ಸಿನಲ್ಲಿ ಸೇರಿಸಿಕೊಂಡ ‘ಆ’ವನ್ನು ‘ದ್ಯಾಟ್’ ಎಂದು ಅನುವಾದಕ್ಕೆ ಇಳಿಸಲೂಬಾರದು. ಆಗ ಪ್ರತಿ ವಾಕ್ಯದಲ್ಲೂ ಬೆರಳು ಮಾಡಿ ತೋರಿಸಿದಂತಾಗುತ್ತದೆ.

“ಅಜ್ಜ ತೋಡಿಸಿದ್ದು” ಎಂಬಲ್ಲಿ ‘ಎ’ಯೂ ಬೇಡ, ‘ದ’ವೂ ಬೇಡ. ನಾವು ಅಜ್ಜ, ತಮ್ಮ, ಕೈ, ಕಾಲು ಎಂದು ಬರಿದಾಗಿ ಹೇಳುವ ಕಡೆಯಲ್ಲಿ ಇಂಗ್ಲಿಷು ಯಾರ ಅಜ್ಜ, ಯಾರ ಕೈ ಎಂಬುದನ್ನು ಬಾಯಿಬಿಟ್ಟು ಹೇಳುತ್ತದೆ: ‘ಮೈ ಗ್ರ್ಯಾಂಡ್‌ಫಾದರ್’. ‘ದ ಗ್ರ್ಯಾಂಡ್‌ಫಾದರ್’ ಎಂದರೆ ಬರೆಯುತ್ತಿರುವವರು ಮನೆಯ ಹೊರಗಿನವರೆಂಬ ಭಾವ ಬಂದುಬಿಡುತ್ತದೆ. ಕತೆಯಲ್ಲಿ ಇದು ಸಣ್ಣ ಸಂಗತಿಯಾದರೂ ಆಸ್ತಿಯ ಕಾಗದದಲ್ಲಿ ಹಾಗಲ್ಲ. “ತೋಟವನ್ನು ಮಗನಿಗೆ ಕೊಟ್ಟಿದ್ದೇನೆ” ಎಂಬುದನ್ನು ‘ಟು ಮೈ ಸನ್’ ಎಂದು ಬರೆದರೆ ಇರುವವನು ಒಬ್ಬನೇ ಮಗ, ಇಲ್ಲವೇ ಯಾವ ಮಗನೆಂದು ಓದುವವರಿಗೆ ಮೊದಲೇ ಗೊತ್ತು ಎಂಬ ಅರ್ಥ ಬರುತ್ತದೆ. ‘ಟು ಎ ಸನ್’ ಎಂದರೆ ಹಲವರಲ್ಲಿ ಯಾವನೋ ಒಬ್ಬನೆಂದಾಗಿ ಕಾಗದವೇ ನಿರುಪಯೋಗಿ ಆದೀತು. ಇಂಥಲ್ಲಿ ಊಹೆಗೆ ಜಾಗವಿಲ್ಲ, ಮಕ್ಕಳೆಷ್ಟೆಂದು ಕೇಳಿಯೇ ಬರೆಯಬೇಕು.

ಮೂರನೆಯ ವಾಕ್ಯ ನನ್ನ ಮಟ್ಟಿಗೆ ಈ ಇಡೀ ಬರಹದಲ್ಲಿ ಅತ್ಯಂತ ಕಠಿಣವಾದದ್ದು. “ನೀರು ಕೆರೆಗೆ ಬೀಳುತ್ತದೆ.” ನೀರು, ಕೆರೆ ಎರಡೂ ಇಲ್ಲಿಯವರೆಗೆ ಬಂದಿರದ ಪದಗಳು, ಎರಡಕ್ಕೂ ವಿಶೇಷಣವಿಲ್ಲ. ಆದರೂ ನೀರಿಗೆ ‘ದ’ ಸಲ್ಲುತ್ತದೆ, ಕೆರೆಗೆ ‘ಎ’. ನೀರಿನ ಹೆಸರೆತ್ತಿರದಿದ್ದರೂ ಸುರಂಗವೆಂದ ಮೇಲೆ ಅದರಲ್ಲಿ ನೀರು ಇದ್ದೇ ಇರುತ್ತದೆ. ಸುರಂಗದ ಹೆಸರಿನೊಂದಿಗೇ ನೀರೂ ಪರಿಚಯವಾದಂತಾಯಿತು. ಬಾವಿ ಎಂದ ಮೇಲೆ ಹಗ್ಗ, ಮದುವೆ ಎಂದ ಮೇಲೆ ಮದುಮಗಳು, ಬಸ್ಸು ಎಂದ ಮೇಲೆ ಡ್ರೈವರ್ ಹೀಗೆಯೇ ಮೊದಲ ಸಲವೇ ‘ದ’ ಪಡೆಯುತ್ತಾರೆ. ಕೆರೆ ಹಾಗಲ್ಲ, ಸುರಂಗವಿದ್ದಲ್ಲೆಲ್ಲ ಕೆರೆ ಇರಲೇಬೇಕೆಂದಿಲ್ಲ.

ಆದರೆ ಸುರಂಗದಲ್ಲಿ ನೀರು ಇರುತ್ತದೆ ಎಂಬುದು ಯಾರಿಗೆ ಗೊತ್ತು? ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದು, ಒಸರುವ ನೀರನ್ನು ಇಳಿಜಾರಿನಲ್ಲಿ ತಾನಾಗಿಯೇ ಹೊರಗೆ ಹರಿಸುವ ಈ ಏರ್ಪಾಡು ನಮ್ಮ ಸೀಮೆಯವರಿಗೆ ಗೊತ್ತು. ಇಂಗ್ಲಿಷಿನಲ್ಲಿ ಓದುವವರು, ಏಕೆ, ಬೇರೆ ಜಿಲ್ಲೆಯ ಕನ್ನಡಿಗರು ಕೂಡ, ಸುರಂಗವೆಂದರೆ ರೈಲು ಹೋಗುವ ದಾರಿ ಎಂದುಕೊಳ್ಳಬಹುದು. ಅವರ ಮುಂದೆ ‘ದ ವಾಟರ್’ ಎಂದರೆ ಯಾವ ನೀರು ಎಂದು ಅವರು ಹಿಂದಿನ ವಾಕ್ಯಕ್ಕೆ ಮರಳಿ ಹುಡುಕುತ್ತಾರೆ, ಏನೂ ಸಿಗುವುದಿಲ್ಲ. ಆದ್ದರಿಂದ ಅನುವಾದಕರು ಮೊದಲ ವಾಕ್ಯದಲ್ಲಿಯೇ ‘ಎ ಸುರಂಗ, ಎ ಟನಲ್ ಡಗ್ ಫಾರ್ ವಾಟರ್’ ಎಂದು ಅಷ್ಟು ಸೇರಿಸಬೇಕಾಗುತ್ತದೆ. ಆಮೇಲೆ ‘ದ ವಾಟರ್’ ಸರಾಗವಾಗಿ ನಡೆಯುತ್ತದೆ. ಕೆರೆಯದ್ದು ಇದರ ತಿರುಗುಮುರುಗು. ಬರೆದವರ ಮನಸ್ಸಿನಲ್ಲಿರುವುದು ಅವರ ಮನೆಯ ಕೆರೆ, ಮನೆಯವರ ಎದುರು ಅದು ‘ದ ಪಾಂಡ್’. ಹೊರಗಿನ ಓದುಗರಿಗೆ ಆ ಕೆರೆಯ ಪರಿಚಯವಿಲ್ಲದ ಕಾರಣ ಅದು ‘ಎ ಪಾಂಡ್’ ಆಗಬೇಕು. ಆರ್ಟಿಕಲ್ ನಿಲ್ಲುವುದು ಓದುವವರ ತಿಳಿವಿನ ಮೇಲೆ, ಬರೆದವರ ತಿಳಿವಿನ ಮೇಲಲ್ಲ.

“ಅಡಿಕೆ ಸಸಿ ನೆಟ್ಟೆವು” ಎಂಬುದರಲ್ಲಿ ‘ಎ’ ಹಾಕುವ ಮುನ್ನ ಎಷ್ಟು ಎಂದು ಕೇಳಬೇಕು. ಕನ್ನಡದ ಬರಿಯ ನಾಮಪದ ಒಂದನ್ನೂ ಹೇಳೀತು, ನೂರನ್ನೂ ಹೇಳೀತು. ತೋಟದಲ್ಲಿ ಒಂದೇ ಸಸಿ ನೆಡುವವರಿಲ್ಲ, ಆದ್ದರಿಂದ ಇಲ್ಲಿ ಆರ್ಟಿಕಲ್ ಇಲ್ಲದ ಬಹುವಚನ ಸಾಕು: ‘ಅರಿಕಾ ಸೀಡ್ಲಿಂಗ್ಸ್’.

ಇನ್ನು ಹಾವು. ಮೊದಲ ಸಲ ಅದು “ಸುರಂಗದಲ್ಲಿ ಹಾವು ಕಾಣಿಸಿತು” ಎಂದು ಕ್ರಿಯಾಪದದ ಬಳಿ ಬಂದಿದೆ, ಹೊಸದು, ‘ಎ ಸ್ನೇಕ್’. ಎರಡನೆಯ ಸಲ ವಾಕ್ಯದ ಮೊದಲಿಗೆ ಬಂದಿದೆ, ‘ದ ಸ್ನೇಕ್’. ಎರಡೂ ಕಡೆ ‘ಎ’ ಹಾಕಿದರೆ ಓದುವವರ ಕಣ್ಣಿಗೆ ಎರಡು ಹಾವುಗಳು ಕಾಣುತ್ತವೆ. ಮೊದಲನೆಯ ಹಾವಿನ ಗತಿ ಏನಾಯಿತೆಂದು ಅವರು ಕಾಯುತ್ತಲೇ ಇರುತ್ತಾರೆ. ಪದಕ್ರಮದ ಈ ಸುಳಿವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ ಎಂಬುದನ್ನೂ ಹೇಳಬೇಕು. “ನಿನ್ನೆ ಮನೆಗೆ ಮೇಷ್ಟ್ರು ಬಂದಿದ್ದರು” ಎಂದರೆ, ಜಾಗ ಮೊದಲು ಬಂದಿದ್ದರೂ, ಊರಿಗೆಲ್ಲ ಗೊತ್ತಿರುವ ಮೇಷ್ಟ್ರೇ ಬಂದದ್ದಿರಬಹುದು.

ತಮ್ಮ ತಂದ ಬ್ಯಾಟರಿಯಲ್ಲಿ ಬೇರೊಂದು ಸುಳಿವಿದೆ. “ಬ್ಯಾಟರಿ ತಂದ” ಎಂದರೆ ಬೆಳಕಿಗಾಗಿ ಒಂದು ಬ್ಯಾಟರಿ, ಯಾವುದಾದರೂ ಆದೀತು. “ಬ್ಯಾಟರಿಯನ್ನು ತಂದ” ಎಂದರೆ ಮಾತನಾಡುವವರ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ಬ್ಯಾಟರಿ ಇದೆ. ಜೀವವಿಲ್ಲದ ವಸ್ತುಗಳಿಗೆ ದ್ವಿತೀಯಾ ವಿಭಕ್ತಿಯ ‘ಅನ್ನು’ ಹಚ್ಚುವುದು ಬಿಡುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಾದ್ದರಿಂದ, ಹಚ್ಚಿದಾಗ ಅದಕ್ಕೊಂದು ಕಾರಣವಿರುತ್ತದೆ. ಆದರೆ ‘ಅನ್ನು’ ಕಂಡಲ್ಲೆಲ್ಲ ‘ದ’ ಹಾಕಬಾರದು. “ಒಂದು ಪುಸ್ತಕವನ್ನು ಹುಡುಕುತ್ತಿದ್ದೇನೆ” ಎಂದವರಿಗೆ ಯಾವ ಪುಸ್ತಕವೆಂದು ಗೊತ್ತು, ಕೇಳುವವರಿಗೆ ಗೊತ್ತಿಲ್ಲ. ಅಲ್ಲಿ ‘ಎ ಬುಕ್’ ಸರಿ. “ವೈದ್ಯರನ್ನು ಕರೆಸಿದೆವು” ಎಂಬಂತೆ ಮನುಷ್ಯರ ವಿಷಯದಲ್ಲಿ ‘ಅನ್ನು’ ಹೇಗೂ ಬೇಕೇ ಬೇಕು, ಹಾಗಾಗಿ ಅದರಿಂದ ಏನೂ ತಿಳಿಯುವುದಿಲ್ಲ. ಗ್ರಾಂಥಿಕ ಕನ್ನಡದಲ್ಲಿ, ಪತ್ರಿಕೆಗಳ ಕನ್ನಡದಲ್ಲಿ ಶಿಸ್ತಿಗಾಗಿ ಎಲ್ಲ ಕಡೆಯೂ ‘ಅನ್ನು’ ಹಚ್ಚುವ ರೂಢಿ ಇರುವುದರಿಂದ ಅಲ್ಲಿ ಈ ಸುಳಿವು ಬಹುತೇಕ ಅಳಿಸಿಹೋಗಿರುತ್ತದೆ. ಮಾತಿಗೆ ಹತ್ತಿರವಾದ ಬರಹದಲ್ಲಿಯೇ ಅದು ಗಟ್ಟಿ.

ಸ್ಥಳದ ಹೆಸರುಗಳದ್ದು ಕನ್ನಡಕ್ಕೆ ಸಂಬಂಧವಿಲ್ಲದ, ಇಂಗ್ಲಿಷಿನದ್ದೇ ಆದ ರೂಢಿ. ನದಿಗೆ, ಸಮುದ್ರಕ್ಕೆ ‘ದ’ ಉಂಟು: ‘ದ ಚಂದ್ರಗಿರಿ’, ‘ದ ಅರೇಬಿಯನ್ ಸೀ’. ಊರಿಗಿಲ್ಲ. ಬೇಕಲ ಕೋಟೆಗೂ ಇಲ್ಲ, ‘ಬೇಕಲ್ ಫೋರ್ಟ್’ ಅಷ್ಟೇ.

ಅನುವಾದ ಮುಗಿದ ಮೇಲೆ ಕನ್ನಡವನ್ನು ಮಡಚಿಟ್ಟು, ಇಂಗ್ಲಿಷನ್ನು ಮಾತ್ರ ಹಿಡಿದು, ಪ್ರತಿ ‘ದ’ದ ಎದುರು ನಿಂತು ‘ಯಾವುದು?’ ಎಂದು ಕೇಳುತ್ತ ಬನ್ನಿ. ಆ ಪುಟದಲ್ಲಿ ಅಥವಾ ಓದುಗರ ಸಾಮಾನ್ಯ ತಿಳಿವಿನಲ್ಲಿ ಉತ್ತರ ಸಿಕ್ಕಿದರೆ ‘ದ’ ಉಳಿಯಲಿ. ಮೂಲ ಕನ್ನಡ ಎದುರಿಗಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ, ಏಕೆಂದರೆ ಉತ್ತರವನ್ನು ನಾವು ನಮಗರಿವಿಲ್ಲದೆ ಅಲ್ಲಿಂದ ಎರವಲು ತರುತ್ತೇವೆ.

ಕೊನೆಯ ವಾಕ್ಯ ಉಳಿದಿದೆ: “ಬೇಸಗೆಯಲ್ಲಿ ಸುರಂಗ ಬತ್ತುವುದಿಲ್ಲ.” ತಮ್ಮ ತೋಟದ ಸುರಂಗವೆಂದಾದರೆ ‘ದ ಸುರಂಗ’, ಸುರಂಗ ಎಂಬ ಏರ್ಪಾಡಿನ ಗುಣವೇ ಅದು ಎಂದಾದರೆ ‘ಸುರಂಗಾಸ್’ ಎಂದು ಆರ್ಟಿಕಲ್ ಇಲ್ಲದ ಬಹುವಚನ. ಪದಕ್ರಮ ಎರಡಕ್ಕೂ ಒಂದೇ, ಕ್ರಿಯಾಪದವೂ ಒಂದೇ, ‘ಅನ್ನು’ವಿಗೆ ಇಲ್ಲಿ ಕೆಲಸವಿಲ್ಲ. ಹಿಂದಿನ ವಾಕ್ಯಗಳು ಒಂದೇ ಸುರಂಗದ ಕತೆಯನ್ನು ಹೇಳುತ್ತಿರುವುದರಿಂದ ನಾನು ‘ದ’ ಕಡೆಗೆ ವಾಲುತ್ತೇನೆ. ಆದರೂ ಒಂದು ಸುರಂಗದ ಬಗ್ಗೆ ನಿಜವಾದದ್ದು ಎಲ್ಲ ಸುರಂಗಗಳ ಬಗ್ಗೆ ನಿಜವಾಗಬೇಕೆಂದಿಲ್ಲ, ಮತ್ತು ತಪ್ಪಾಗಿ ಬಹುವಚನ ಹಾಕಿದರೆ ಬರೆದವರು ಹೇಳದೇ ಇದ್ದ ಮಾತನ್ನು ಅವರ ಬಾಯಲ್ಲಿ ಇಟ್ಟಂತಾಗುತ್ತದೆ. ಆದ್ದರಿಂದ ಬರೆದವರು ಸಿಗುವಂತಿದ್ದರೆ ಫೋನು ಮಾಡಿ, “ನಿಮ್ಮ ಸುರಂಗ ಮಾತ್ರವೋ, ಈ ಕಡೆಯ ಸುರಂಗಗಳೆಲ್ಲವೂ ಹಾಗೆಯೋ?” ಎಂದು ಕೇಳಿಯೇ ಆ ವಾಕ್ಯವನ್ನು ಬರೆಯಬೇಕು.

ನಮಸ್ಕಾರ.