ಬಡ್ಡಿ ಇಲ್ಲದ ಸಾಲಕ್ಕೆ ಸಾವಕಾರನ ಬಡ್ಡಿ ಯಾಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ವಿಜಯಪುರ ಜಿಲ್ಲೆಯ ಒಂದು ಊರಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆದು ಬದುಕಿದವನು. ನಿವೃತ್ತಿ ಆದ ಮೇಲೆ ಪುಣೆಗೆ, ಮಗನ ಮನೆಗೆ ಬಂದೆ. ಕಾತ್ರಜ್ ಹತ್ತಿರ ನಾವಿರುವ ಓಣಿಯಲ್ಲಿ ನಮ್ಮ ಕಡೆಯ ಜನ ಬಹಳ. ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ, ಮನೆಗೆಲಸ ಮಾಡುವವರು. ದುಡಿಮೆ ಇಲ್ಲಿ, ಹೊಲ ಊರಲ್ಲಿ. ಭಾನುವಾರ ಒಬ್ಬರಲ್ಲ ಒಬ್ಬರು ಪಾಸ್‌ಬುಕ್ ಹಿಡಿದುಕೊಂಡು ಮನೆಗೆ ಬರುತ್ತಾರೆ.

ಹಾಗೆ ಬಂದ ಇಂಡಿ ತಾಲೂಕಿನ ಒಬ್ಬ ತಮ್ಮ ಕೇಳಿದ ಪ್ರಶ್ನೆ ಇದು: "ಕಾಕಾ, ಸೊಸಾಯಿಟಿ ಸಾಲಕ್ಕ ಬಡ್ಡಿನೇ ಇಲ್ಲ ಅಂತಾರ. ಮತ್ತ ನಾ ಯಾಕ ವರ್ಷಾ ಸಾವಕಾರನ ಬಾಗಲಕ್ಕ ನಿಲ್ತೀನಿ?"

ಸುಮ್ನೆ ಕೇಳಿದ ಮಾತಲ್ಲ ಅದು. ಅವನಿಗೆ ನಾಲ್ಕು ಎಕರೆ ಒಣ ಬೇಸಾಯ, ತೊಗರಿ ಬೆಳೆ. ಊರಿನ ಸಂಘ, ನಾವು ಪಿಕೆಪಿಎಸ್ ಅನ್ನುತ್ತೇವಲ್ಲ, ಅಲ್ಲಿ ಎಕರೆಗೆ 15,000ದಂತೆ 60,000 ರೂಪಾಯಿ ಬೆಳೆ ಸಾಲ. ಹಣ ಕೈಗೆ ಬಂದದ್ದು ಜೂನ್ 20ಕ್ಕೆ. ಕರ್ನಾಟಕದಲ್ಲಿ ಸಹಕಾರ ಸಂಘದ ಅಲ್ಪಾವಧಿ ಬೆಳೆ ಸಾಲ 3 ಲಕ್ಷದವರೆಗೆ ಬಡ್ಡಿ ಇಲ್ಲದೆ ಸಿಗುತ್ತಿತ್ತು. 2023ರಲ್ಲಿ ಅದನ್ನು 5 ಲಕ್ಷಕ್ಕೆ ಏರಿಸಿದರು. ಆದರೆ ಒಂದು ಷರತ್ತು ಇದೆ. ಗಡುವಿನ ಒಳಗೆ ಪೂರ್ತಿ ಅಸಲು ಕಟ್ಟಬೇಕು. ಗಡುವು ದಾಟಿದರೆ ಸರ್ಕಾರ ನಿಮ್ಮ ಪರವಾಗಿ ಬಡ್ಡಿ ಕೊಡುವುದಿಲ್ಲ. ಆಗ ಸಾಲ ತೆಗೆದ ದಿನದಿಂದ ಲೆಕ್ಕ ಹಿಡಿದು ಬಡ್ಡಿ ನಿಮ್ಮ ಮೇಲೆ ಬೀಳುತ್ತದೆ.

ಮೊದಲು ಸಾವಕಾರನ ಲೆಕ್ಕ ನೋಡೋಣ. ಈ ತಮ್ಮನ ಪಕ್ಕದ ಹೊಲದವನು ಸಂಘದ ಸದಸ್ಯ ಅಲ್ಲ. ಅವನು ಅಷ್ಟೇ ಹಣವನ್ನು ಊರಿನ ಸಾವಕಾರನ ಹತ್ತಿರ ತಂದಿದ್ದ. ನೂರಕ್ಕೆ ಮೂರರ ಬಡ್ಡಿ. ಕೇಳಿದರೆ ಮೂರೇ ರೂಪಾಯಿ ಅನಿಸುತ್ತದೆ. ಆದರೆ ಅದು ತಿಂಗಳ ಮಾತು. ಅಂದರೆ 60,000ಕ್ಕೆ ತಿಂಗಳಿಗೆ 1,800. ಸಾವಕಾರ ಮೊದಲ ತಿಂಗಳ ಬಡ್ಡಿ ಮುರಿದುಕೊಂಡೇ ಹಣ ಎಣಿಸಿದ. ಕೈಗೆ ಬಂದದ್ದು 58,200. ಪತ್ರದಲ್ಲಿ ಬರೆದದ್ದು 60,000. ಜೂನ್‌ನಿಂದ ಜನವರಿ ಕೊನೆಯವರೆಗೆ ಎಂಟು ತಿಂಗಳಿಗೆ ಬಡ್ಡಿ 14,400 ಆಯಿತು.

ಅಲ್ಲಿಗೆ ಮುಗಿಯಲಿಲ್ಲ. ರಾಶಿ ಆದ ಕೂಡಲೇ ಮಾಲು ಸಾವಕಾರ ಹೇಳಿದ ಅಂಗಡಿಗೇ ಹೋಗಬೇಕು. ಇದನ್ನು ಎಲ್ಲೂ ಬರೆದಿರುವುದಿಲ್ಲ, ಆದರೆ ಸಾಲ ಕೊಡುವಾಗಲೇ ಬಾಯಿಮಾತಲ್ಲಿ ಆಗಿರುತ್ತದೆ. ಅಲ್ಲಿ ಪೇಟೆಯ ದರಕ್ಕಿಂತ ಕ್ವಿಂಟಲ್‌ಗೆ 200 ರೂಪಾಯಿ ಕಡಿಮೆ ಹಿಡಿದರು. 16 ಕ್ವಿಂಟಲ್ ತೊಗರಿಗೆ 3,200 ಹೋಯಿತು. ಇದೂ ಬಡ್ಡಿಯೇ, ಬೇರೆ ಹೆಸರಲ್ಲಿ ಬಂದ ಬಡ್ಡಿ. ಎರಡೂ ಸೇರಿ 17,600. ಕೈಗೆ ಬಂದ 58,200ರ ಮೇಲೆ ಎಂಟು ತಿಂಗಳಿಗೆ ಇಷ್ಟು ಅಂದರೆ, ವರ್ಷದ ಲೆಕ್ಕಕ್ಕೆ ನೂರಕ್ಕೆ 45 ರೂಪಾಯಿ ಬೀಳುತ್ತದೆ. ಮೂರು ಅಂತ ಕೇಳಿದ್ದು 45 ಆಗಿದ್ದು ಹೀಗೆ. ಸಾವಕಾರನ ದರ ಕೇಳುವಾಗ ಮೂರು ಮಾತು ಬಿಡಿಸಿ ಕೇಳಿ: ಕೈಗೆ ಎಷ್ಟು ಬರುತ್ತದೆ, ಎಷ್ಟು ತಿಂಗಳಿಗೆ, ಮಾಲು ಎಲ್ಲಿ ಮಾರಬೇಕು.

ಈಗ ಸಂಘದ ಸಾಲ. ಬಡ್ಡಿ ಸೊನ್ನೆ, ನಿಜ. ಆದರೆ ಪುಣೆಯಲ್ಲಿ ದುಡಿಯುವವನಿಗೆ ಖರ್ಚು ಸೊನ್ನೆ ಅಲ್ಲ. ಈ ತಮ್ಮ ಸಾಲಕ್ಕಾಗಿ ಎರಡು ಸಲ ಊರಿಗೆ ಹೋಗಿ ಬಂದ. ಒಮ್ಮೆ ಪಹಣಿ, ಆಧಾರ್, ಅರ್ಜಿ ಅಂತ. ಇನ್ನೊಮ್ಮೆ ಸಹಿ ಮಾಡಿ ಹಣ ತೆಗೆಯಲು. ಪ್ರತಿ ಸಲ ಎರಡು ದಿನದ ಪಗಾರ ಹೋಯಿತು. ದಿನಕ್ಕೆ 800ರಂತೆ ನಾಲ್ಕು ದಿನಕ್ಕೆ 3,200. ಬಸ್ಸು, ರೈಲು, ಚಹಾ ಊಟ ಸೇರಿ 1,000. ಒಟ್ಟು 4,200. ಸಂಘದವರು ಷೇರು ಅಂತ ಹಿಡಿದ ಹಣ ಇವನ ಹೆಸರಲ್ಲೇ ಉಳಿಯುತ್ತದೆ, ಅದನ್ನು ಖರ್ಚಿಗೆ ಸೇರಿಸುವುದಿಲ್ಲ. ಬೆಳೆ ವಿಮೆಗೆ ಮುಂಗಾರಿನಲ್ಲಿ ರೈತನ ಪಾಲು ವಿಮಾ ಮೊತ್ತದ ನೂರಕ್ಕೆ 2 ರೂಪಾಯಿ. ಅದೂ ಸಾಲದ ಬೆಲೆ ಅಲ್ಲ, ವಿಮೆಯ ಬೆಲೆ. 2020ರಿಂದ ಸಾಲ ಪಡೆದವರಿಗೂ ವಿಮೆ ಕಡ್ಡಾಯ ಅಲ್ಲ. ಬೇಡ ಅಂದರೆ ಬರೆದು ಕೊಡಬೇಕು. ತೊಗರಿಗೆ ನೆಟೆ ರೋಗ ಬಿದ್ದು ಹೊಲಕ್ಕೆ ಹೊಲವೇ ಒಣಗಿದ್ದನ್ನು ಕಂಡವನು ನಾನು. ವಿಮೆ ಬಿಡಿ ಅಂತ ಯಾರಿಗೂ ಹೇಳಲಾರೆ.

ಅಂದರೆ ಇವನಿಗೆ ಸಾಲದ ನಿಜವಾದ ಖರ್ಚು 4,200, ನೂರಕ್ಕೆ 7. ಆ ಕಡೆ 45, ಈ ಕಡೆ 7. ಹಾಗಿದ್ದರೆ ಇವನು ಸಾವಕಾರನ ಬಾಗಿಲಿಗೆ ಹೋದದ್ದು ಯಾಕೆ?

ಪಾಸ್‌ಬುಕ್ಕಿನ ತಾರೀಖುಗಳನ್ನು ಒಂದರ ಪಕ್ಕ ಒಂದು ಬರೆದಾಗ ಕಾರಣ ಕಂಡಿತು. ತೊಗರಿ ರಾಶಿ ಜನವರಿಯಲ್ಲಿ. ಮಾರಿದ್ದು ಫೆಬ್ರವರಿಯಲ್ಲಿ. ಸಾಲ ತೀರಿಸುವ ಗಡುವು ಜೂನ್‌ನಲ್ಲಿ. ನಡುವೆ ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲೇ ನಮ್ಮ ಕಡೆ ಮದುವೆ, ಜಾತ್ರೆ, ಮನೆ ರಿಪೇರಿ, ಮಕ್ಕಳ ಶಾಲೆಯ ಫೀ ಎಲ್ಲ ಬರುತ್ತವೆ. ತೊಗರಿಯ ಹಣ ಮನೆಯಲ್ಲಿತ್ತು, ಬಡ್ಡಿ ಇಲ್ಲದ ಸಾಲ, ಜೂನ್‌ಗೆ ನೋಡೋಣ ಅಂದುಕೊಂಡ. ಜೂನ್ ಬಂತು, ಹಣ ಇರಲಿಲ್ಲ.

ಆಗ ಊರಲ್ಲಿ ಎಲ್ಲರೂ ಮಾಡುವುದನ್ನೇ ಇವನೂ ಮಾಡಿದ. ಸಾವಕಾರನ ಹತ್ತಿರ ಎಂಟು ದಿನದ ಕೈಸಾಲ ತಂದು ಸಂಘಕ್ಕೆ ಕಟ್ಟುವುದು, ಹೊಸ ಸಾಲ ಬಂದ ಕೂಡಲೇ ಸಾವಕಾರನಿಗೆ ಕೊಡುವುದು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಇದಕ್ಕೆ ನವಂ ಜುನಂ ಅನ್ನುತ್ತಾರೆ, ಹಳೆಯದನ್ನು ಹೊಸದು ಮಾಡುವುದು ಅಂತ. ಇಂಥ ಅವಸರದ ಸಾಲಕ್ಕೆ ದರ ಜಾಸ್ತಿ. ನೂರಕ್ಕೆ ಐದು. ಎಂಟು ದಿನಕ್ಕೆ ತಂದರೂ ಒಂದು ತಿಂಗಳ ಬಡ್ಡಿ ಕೊಡಲೇಬೇಕು. ಹೊಸ ಸಾಲ ಎಂಟು ದಿನಕ್ಕೆ ಬರಲಿಲ್ಲ. ಡಿಸಿಸಿ ಬ್ಯಾಂಕಿನಿಂದ ಸಂಘಕ್ಕೆ ಹಣ ಬಂದು ಇವನ ಖಾತೆಗೆ ಬೀಳಲು 40 ದಿನ ಹಿಡಿಯಿತು. ಎರಡನೇ ತಿಂಗಳು ಶುರುವಾಗಿತ್ತು, ಎರಡು ತಿಂಗಳ ಬಡ್ಡಿ 6,000 ಕೊಟ್ಟ. 40 ದಿನಕ್ಕೆ 6,000 ಅಂದರೆ ವರ್ಷದ ಲೆಕ್ಕದಲ್ಲಿ ನೂರಕ್ಕೆ 90 ದಾಟುತ್ತದೆ. ಎಂಟು ತಿಂಗಳು ಸಾವಕಾರನ ಸಾಲದಲ್ಲೇ ಇದ್ದ ಪಕ್ಕದ ಹೊಲದವನಿಗಿಂತ ಎರಡು ಪಟ್ಟು ದುಬಾರಿ ದರ ಇದು. ನನಗೆ ಹೊಟ್ಟೆ ಉರಿದದ್ದು ಇದಕ್ಕೇ.

"ಕಟ್ಟದೇ ಬಿಟ್ಟಿದ್ರ ಛಲೋ ಇತ್ತೇನು ಕಾಕಾ?" ಅಂತ ಕೇಳಿದ. ಅದನ್ನೂ ಲೆಕ್ಕ ಹಾಕಿದೆವು. ನೂರಕ್ಕೆ 7 ಅಂತ ಕಡಿಮೆ ಹಿಡಿದರೂ ವರ್ಷದ ಬಡ್ಡಿ 4,200. ಅದರ ಮೇಲೆ ತಡವಾದದ್ದಕ್ಕೆ ಬೇರೆ. ಜೊತೆಗೆ ಸುಸ್ತಿ ಇರುವವರೆಗೆ ಹೊಸ ಸಾಲ ಸಿಗುವುದಿಲ್ಲ, ಆಗ ಬಿತ್ತನೆಗೆ ಮತ್ತೆ ಸಾವಕಾರನೇ ಗತಿ. ಆದರೂ ಕೈಸಾಲಕ್ಕೆ ಓಡುವ ಮೊದಲು ಒಂದು ಕೆಲಸ ಮಾಡಿ. ತಡವಾದರೆ ಎಷ್ಟು ಬೀಳುತ್ತದೆ ಅಂತ ಕಾರ್ಯದರ್ಶಿಯಿಂದ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಸ ಸಾಲಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತಲೂ ಕೇಳಿ. ಆ ಎರಡು ಉತ್ತರ ಇಲ್ಲದೆ ಕೈಸಾಲ ಮಾಡಬೇಡಿ.

ಇನ್ನು ಮುಂದಿನ ವರ್ಷಕ್ಕೆ ನಾವು ಕೂತು ಮಾಡಿದ ಏರ್ಪಾಡು ಹೇಳುತ್ತೇನೆ. ಗಡುವು ಜೂನ್ ಅನ್ನುವುದನ್ನೇ ಮರೆತುಬಿಡು ಅಂದೆ. ತೊಗರಿ ಮಾರಿದ ವಾರವೇ ನಿನ್ನ ಗಡುವು. ಬಡ್ಡಿ ಇಲ್ಲದ ಸಾಲವನ್ನು ನಾಲ್ಕು ತಿಂಗಳು ಮೊದಲೇ ಯಾಕೆ ಕಟ್ಟಬೇಕು, ಆ ಹಣ ಬ್ಯಾಂಕಿನಲ್ಲಿ ಇಟ್ಟರೆ ಬಡ್ಡಿ ಬರುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. 60,000ಕ್ಕೆ ನೂರಕ್ಕೆ 6ರಂತೆ ನಾಲ್ಕು ತಿಂಗಳಿಗೆ 1,200 ಬರುತ್ತದೆ, ಸರಿ. ಮುಟ್ಟದೆ ಇಡುವ ಶಕ್ತಿ ಇದ್ದವರು ಇಡಲಿ. ನಾನು ಕಂಡ ನೂರಾರು ಮನೆಗಳಲ್ಲಿ ಆ ಹಣ ಏಪ್ರಿಲ್‌ವರೆಗೆ ಉಳಿದದ್ದು ಬಹಳ ಕಡಿಮೆ.

ಇವನಿಗೆ ಊರಲ್ಲಿರುವವರಿಗೆ ಇಲ್ಲದ ಒಂದು ಅನುಕೂಲ ಇದೆ. ಪುಣೆಯಲ್ಲಿ ತಿಂಗಳು ತಿಂಗಳು ಪಗಾರ ಬರುತ್ತದೆ. ಹಾಗಾಗಿ ಇಲ್ಲಿನ ಬ್ಯಾಂಕಿನಲ್ಲಿ ತಿಂಗಳಿಗೆ 2,500ರ ಆರ್‌ಡಿ ತೆರೆಸಿದೆ, ಜುಲೈಯಿಂದ. ಫೆಬ್ರವರಿಗೆ ಎಂಟು ಕಂತು, 20,000. ತೊಗರಿಯಿಂದ ಬೇಕಾದದ್ದು ಉಳಿದ 40,000 ಮಾತ್ರ. ಸಾವಕಾರನ ಹಂಗಿಲ್ಲದ ಕಾರಣ ದರ ನೋಡಿ ಎಪಿಎಂಸಿಯಲ್ಲೇ ಮಾರಬಹುದು. ತೊಗರಿ ಪೂರ್ತಿ ಕೈಕೊಟ್ಟರೂ ಜೂನ್‌ಗೆ ಹನ್ನೊಂದು ಕಂತು ಆಗುವ ಹೊತ್ತಿಗೆ ಹತ್ತಿರ ಹತ್ತಿರ ಅರ್ಧ ಸಾಲ ಕೈಯಲ್ಲಿರುತ್ತದೆ.

ಮಳೆಯೇ ಹೋದ ವರ್ಷ ಬೇರೆ ದಾರಿ ಇದೆ. 2023ರಲ್ಲಿ ಕರ್ನಾಟಕದ 223 ತಾಲೂಕುಗಳು ಬರಪೀಡಿತ ಅಂತ ಘೋಷಣೆ ಆಯಿತು. ಹಾಗೆ ಘೋಷಣೆ ಆದಾಗ ಬೆಳೆ ಸಾಲವನ್ನು ಮಧ್ಯಮಾವಧಿ ಸಾಲವಾಗಿ ಬದಲಿಸಿ, ಕೆಲವು ವರ್ಷದ ಕಂತು ಮಾಡಲು ಅವಕಾಶ ಇರುತ್ತದೆ. ಅದು ತಾನಾಗಿ ಆಗುತ್ತದೆ ಅಂತ ಕಾಯಬೇಡಿ. ಗಡುವಿನ ಮೊದಲೇ ಸಂಘಕ್ಕೆ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸಹಿ ಶಿಕ್ಕೆ ಹಾಕಿಸಿಕೊಳ್ಳಿ. ಸಾಲ ಮನ್ನಾ ಆಗಬಹುದು ಅಂತ ಕಟ್ಟದೆ ಕೂರುವವರೂ ಇದ್ದಾರೆ. 2017 ಮತ್ತು 2018ರಲ್ಲಿ ಆಗಿದ್ದು ನಿಜ. ಆದರೆ ಮುಂದಿನದು ಯಾವ ವರ್ಷ, ಯಾವ ತಾರೀಖಿನ ಸಾಲಕ್ಕೆ ಅಂತ ಯಾರೂ ಮೊದಲೇ ಹೇಳಲಾರರು. ಬಡ್ಡಿ ಮಾತ್ರ ದಿನವೂ ಏರುತ್ತದೆ.

ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಕಡೆ ಹೊಲ ಇರುವ ನಮ್ಮವರೂ ಇದನ್ನು ಕೇಳುತ್ತಿರಬಹುದು. ನಿಮ್ಮಲ್ಲಿ ಮುಂಗಾರಿನ ಬೆಳೆ ಸಾಲದ ಗಡುವು ಸಾಮಾನ್ಯವಾಗಿ ಮಾರ್ಚ್ 31, ಅಂದರೆ ರಾಶಿಗೆ ಇನ್ನೂ ಹತ್ತಿರ. ಸಾವಕಾರರ ಬಗ್ಗೆ ಮಹಾರಾಷ್ಟ್ರದಲ್ಲಿ 2014ರ ಕಾನೂನು ಇದೆ. ಪರವಾನಗಿ ಇರುವ ಸಾವಕಾರ ರೈತನಿಂದ ಒತ್ತೆ ಇದ್ದರೆ ವರ್ಷಕ್ಕೆ ನೂರಕ್ಕೆ 9, ಒತ್ತೆ ಇಲ್ಲದಿದ್ದರೆ 12 ಮಾತ್ರ ತೆಗೆದುಕೊಳ್ಳಬಹುದು. ಚಕ್ರಬಡ್ಡಿ ಹಾಕುವಂತಿಲ್ಲ. ಸಾಲಕ್ಕೆ ಭದ್ರತೆ ಅಂತ ಹೇಳಿ ಯಾರಾದರೂ ಹೊಲದ ಖರೀದಿ ಪತ್ರಕ್ಕೆ ಸಹಿ ಕೇಳಿದರೆ ಹಾಕಬೇಡಿ. ಈಗಾಗಲೇ ಹಾಕಿ ಹೊಲ ಕಳೆದುಕೊಂಡಿದ್ದರೆ ಸಹಕಾರ ಇಲಾಖೆಯ ಜಿಲ್ಲಾ ಉಪ ನಿಬಂಧಕರಿಗೆ ಅರ್ಜಿ ಕೊಡಬಹುದು. ವಿಚಾರಣೆಯಲ್ಲಿ ಅದು ಅಕ್ರಮ ಸಾವಕಾರಿ ಅಂತ ಸಾಬೀತಾದರೆ ಹೊಲ ವಾಪಸ್ ಕೊಡಿಸುವ ಅಧಿಕಾರ ಅವರಿಗಿದೆ.

ಈ ವರ್ಷ ಫೆಬ್ರವರಿಯಲ್ಲಿ ಆ ತಮ್ಮ ಊರಿನಿಂದ ಫೋನ್ ಮಾಡಿದ. "ಕಾಕಾ, ತೊಗರಿ ಮಾರಿ ಹಂಗೇ ಸೊಸಾಯಿಟಿಗೆ ಬಂದೀನಿ. ಅರವತ್ತೂ ಕಟ್ಟೀನಿ." ರಸೀದಿ ತಗೊಂಡೆಯಾ ಅಂದೆ. ತಗೊಂಡಿದ್ದ. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿದೆಯಾ ಅಂದೆ. ಅದನ್ನು ಹಾಕಿಸಿರಲಿಲ್ಲ. ಹಾಕಿಸಿಕೊಂಡೇ ಬಸ್ಸು ಹತ್ತು, ಹೊಸ ಸಾಲದ ಅರ್ಜಿಯನ್ನೂ ಕೇಳಿ ತಾ, ಇನ್ನೊಮ್ಮೆ ಹೋಗುವ ಎರಡು ದಿನದ ಪಗಾರ ಉಳಿಯುತ್ತದೆ ಅಂದೆ. ಮುಂದಿನ ಭಾನುವಾರ ಅರ್ಜಿ ತುಂಬಲು ಬರುತ್ತೇನೆ ಅಂತ ಹೇಳಿ ಫೋನ್ ಇಟ್ಟ.

ನಮಸ್ಕಾರ.