ಚುಕ್ಕಿ ಇಡುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಹತ್ತು ಪುಟದ ವರದಿ ಕೊಟ್ಟು ಅರ್ಧ ಪುಟದ ಸಾರಾಂಶ ಬೇಕು ಅಂದರೆ ಸಾಕು, ಎಲ್ಲರ ಕೈಯೂ ಬುಲೆಟ್ ಪಾಯಿಂಟ್ ಕಡೆಗೇ ಓಡುತ್ತದೆ. ಸ್ವಲ್ಪ ತಡೆಯಿರಿ. ಬರೆದ ಅಂಶಗಳನ್ನು ಮೊದಲು ಹಿಂದುಮುಂದು ಮಾಡಿ ನೋಡಿ. ಅರ್ಥ ಕೆಡಲಿಲ್ಲವೋ, ಪಟ್ಟಿಯಾಗಿಯೇ ಇರಲಿ. ನಡುವೆ ‘ಆದರೆ’, ‘ಆದ್ದರಿಂದ’ ಬೇಕೆನಿಸಿತೋ, ಅದನ್ನು ಪ್ಯಾರಾ ಮಾಡಿ.

ಏಕೆ ಅಂತೀರಾ? 2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಮೇಲೇರುವಾಗ, ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಅದರ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಎಂಜಿನಿಯರುಗಳು ಫೋಮ್ ತುಂಡು ಬಡಿಸಿ ನೋಡಿದ್ದ ಹಳೆಯ ಪರೀಕ್ಷೆಗಳ ಆಧಾರದಲ್ಲಿ ಲೆಕ್ಕ ಹಾಕಿ ನಾಸಾ ಅಧಿಕಾರಿಗಳಿಗೆ ಸ್ಲೈಡ್ ತೋರಿಸಿದರು. ಒಂದು ಸ್ಲೈಡಿನ ತಲೆಬರಹ ಧೈರ್ಯ ತುಂಬುವ ಧಾಟಿಯಲ್ಲಿತ್ತು. ಅದರ ಕೆಳಗೆ ಚುಕ್ಕಿ, ಚುಕ್ಕಿಯೊಳಗೆ ಗೆರೆ, ಗೆರೆಯೊಳಗೆ ಮತ್ತೊಂದು ಚುಕ್ಕಿ. ಕಟ್ಟಕಡೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಎರಡು ಅಂಕಿಗಳಿದ್ದವು: 1920 ಘನ ಇಂಚು, 3 ಘನ ಇಂಚು. ಬಡಿದ ತುಂಡು ಪರೀಕ್ಷೆಯಲ್ಲಿ ಬಳಸಿದ ತುಂಡಿಗಿಂತ 640 ಪಟ್ಟು ದೊಡ್ಡದು ಎಂದು ಇದರರ್ಥ. ಹೇಳಬೇಕಾದ ಮಾತು ಇದೊಂದೇ, ಅದೇ ತಳ ಸೇರಿತ್ತು.

ಫೆಬ್ರವರಿ 1ರಂದು ಮರಳುವ ದಾರಿಯಲ್ಲಿ ನೌಕೆ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳೂ ಮಂದಿ ತೀರಿಕೊಂಡರು. ಕಾರಣ ರೆಕ್ಕೆಗಾದ ಪೆಟ್ಟು, ಸ್ಲೈಡ್ ಅಲ್ಲ, ನಿಜ. ಆದರೆ ಆ ಸ್ಲೈಡ್ ಓದಿದ ಹಿರಿಯ ಅಧಿಕಾರಿಗೆ ಇದು ಜೀವ ಹೋಗುವ ವಿಷಯ ಎಂದು ಹೊಳೆಯದೆ ಇದ್ದೀತು ಎಂದು ತನಿಖಾ ಮಂಡಳಿಯೇ ಬರೆಯಿತು.

ಈಗ ಅದನ್ನೇ ಪ್ಯಾರಾ ಮಾಡಿ ಓದುತ್ತೇನೆ, ಕೇಳಿ. ‘ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಇಂಚಿನ ತುಂಡು. ರೆಕ್ಕೆಗೆ ಬಡಿದದ್ದು ಸುಮಾರು 1920 ಘನ ಇಂಚಿನದು. ಆದ್ದರಿಂದ ಈ ಪರೀಕ್ಷೆಯನ್ನು ನೆಚ್ಚಿ ರೆಕ್ಕೆ ಸುರಕ್ಷಿತ ಎನ್ನಲಾಗದು.’ ಮೂರೇ ವಾಕ್ಯ! ಆ ‘ಆದ್ದರಿಂದ’ ಬರೆಯಲು ಪ್ಯಾರಾದಲ್ಲಿ ಜಾಗವಿದೆ. ಚುಕ್ಕಿಗಳ ನಡುವೆ ಅದನ್ನು ಎಲ್ಲಿ ಇಡುತ್ತೀರಿ? ಓದುವವರೇ ಊಹಿಸಿಕೊಳ್ಳಬೇಕು. ಹೀಗಾಗಿ ನಿರ್ಧಾರ ಮಾಡುವವರಿಗೆ, ವಾದ ಇರುವ ವರದಿಗೆ, ಪ್ಯಾರಾ.

ಸಭೆಯ ನಂತರ ಯಾರು ಯಾವ ಕೆಲಸ ಮಾಡಬೇಕು ಎಂಬುದಕ್ಕೆ ಪಟ್ಟಿಯೇ ಸರಿ. ಒಂದೊಂದನ್ನೇ ಮುಗಿಸಿ ಗೀಟು ಹಾಕಬಹುದು. ಒಂದಾದ ಮೇಲೊಂದು ಮಾಡುವ ಕೆಲಸವಾದರೆ ಚುಕ್ಕಿ ಬೇಡ, ಸಂಖ್ಯೆ ಹಾಕಿ.

ಕೋಷ್ಟಕದ ಮಾತಿಗೆ ಹೊತ್ತು ಕಡಿಮೆ ಉಳಿಯಿತು. ಮೂರು ಯಂತ್ರಗಳಿವೆ, ಪ್ರತಿಯೊಂದಕ್ಕೂ ಬೆಲೆ ಎಷ್ಟು, ತೂಕ ಎಷ್ಟು ಎಂಬ ಅವೇ ಪ್ರಶ್ನೆಗಳಿವೆ, ಓದುವವರು ಹೋಲಿಸಿ ಆರಿಸಬೇಕಿದೆ. ಆಗ ಕೋಷ್ಟಕ ಹಾಕಿ. ಕಿಲೋ, ಮೀಟರ್ ಎಂಬುದನ್ನು ಪ್ರತಿ ಮನೆಯಲ್ಲೂ ತುಂಬದೆ ಕಾಲಂ ತಲೆಯಲ್ಲಿ ಒಮ್ಮೆ ಬರೆಯಿರಿ. ಮನೆಗಳು ಅರ್ಧಕ್ಕರ್ಧ ಖಾಲಿ ಉಳಿದರೆ, ಅಥವಾ ಒಂದೊಂದರಲ್ಲೂ ಮೂರು ವಾಕ್ಯ ತುರುಕಬೇಕಾಗಿ ಬಂದರೆ, ನಿಮ್ಮ ಕೈಯಲ್ಲಿರುವುದು ಕೋಷ್ಟಕದ ವಿಷಯವಲ್ಲ. ಓದುವವರು ಫೋನಿನಲ್ಲಿ ನೋಡುವುದಾದರೆ ಮೂರು ಕಾಲಂ ದಾಟಿಸಬೇಡಿ, ನಾಲ್ಕನೆಯದು ಪರದೆಯ ಆಚೆ ಹೋಗಿಬಿಡುತ್ತದೆ.

ನಮಸ್ಕಾರ.